ಆಲೆಮನೆ ಹೊಗೆ, ಕೆಮ್ಮು, ಮತ್ತೆ ನಾವು ಅಳೀದೇ ಬಿಟ್ಟಿದ್ದು: ಸರ್ ಕೇಳಿದ ಪ್ರಶ್ನೆಗೆ ಉತ್ತರ

ಎಲ್ರಿಗೂ ನಮಸ್ಕಾರ. ಶುಕ್ರವಾರ ಮಂಡ್ಯದಲ್ಲಿ ನಮ್ಮ ಸ್ಟಡಿ ಪ್ರೆಸೆಂಟ್ ಮಾಡಿದಾಗ ಸರ್ ಕೇಳಿದ್ರಲ್ಲ, "ಆಲೆಮನೇಲಿ ದುಡಿಯೋರಿಗೆ ಕೆಮ್ಮು ಜಾಸ್ತಿ ಅಂತೀಯ, ಒಪ್ಪಿದೆ ಕಣಮ್ಮ, ಆದ್ರೆ ಅವರಲ್ಲೇ ಬಡತನ ಜಾಸ್ತಿ, ಹಳೇ ಟಿಬಿ ಜಾಸ್ತಿ ಇದ್ದು ಅದಕ್ಕೇ ಕೆಮ್ತಿದ್ರೆ? ನೀನು ಅದನ್ನ ಕೇಳೇ ಇಲ್ವಲ್ಲ" ಅಂತ. ಟೈಮ್ ಆಗೋಗಿತ್ತು, ಊಟಕ್ಕೆ ಎದ್ಬಿಟ್ರು ಎಲ್ರೂ. ಅಲ್ಲಿ ನಿಂತ್ಕೊಂಡು ಎರಡು ಮಾತಲ್ಲಿ ಮುಗಿಸೋ ವಿಷಯಾನೂ ಅಲ್ಲ, ಅದಕ್ಕೇ ಬರೆದು ಹಾಕ್ತಿದೀನಿ, ಉದ್ದ ಆಗತ್ತೆ, ಓದಿ.

ಮೊದಲು ಬಂದಿಲ್ದೇ ಇರೋರಿಗೆ ಲೆಕ್ಕ. ಪಾಂಡವಪುರ, ಮದ್ದೂರು ಕಡೆ ಊರುಗಳಲ್ಲಿ 412 ಜನನ್ನ ನೋಡಿದ್ವಿ, ಅದ್ರಲ್ಲಿ 198 ಜನ ಆಲೆಮನೇಲಿ ಒಲೆ ಉರಿ ಹಾಕೋದು, ಕೊಪ್ಪರಿಗೆ ಹತ್ರ ನಿಂತು ಪಾಕ ತಿರುವೋದು ಇಂಥ ಕೆಲಸದೋರು, ಇನ್ನು 214 ಜನ ಅದೇ ಊರುಗಳಲ್ಲಿ ಗದ್ದೆ, ಕಬ್ಬಿನ ಕೂಲಿಗೆ ಹೋಗೋರು. ತಿಂಗಳಾನುಗಟ್ಲೆ ಕಫದ ಕೆಮ್ಮು ಇರೋದು ಆಲೆಮನೆ ಕಡೆ 52 ಜನಕ್ಕೆ, ಈ ಕಡೆ 28 ಜನಕ್ಕೆ. ಅಂದ್ರೆ ನೂರಕ್ಕೆ 26 ಮತ್ತು 13, ಹೆಚ್ಚುಕಮ್ಮಿ ಎರಡು ಪಟ್ಟು. ವಯಸ್ಸು, ಗಂಡು-ಹೆಣ್ಣು, ಬೀಡಿ, ಮನೇಲಿ ಸೌದೆ ಒಲೆನಾ ಗ್ಯಾಸಾ, ಇಷ್ಟಕ್ಕೂ ಅಡ್ಜಸ್ಟ್ ಮಾಡಿದ್ಮೇಲೆ ರಿಸ್ಕ್ ರೇಶಿಯೋ, ಅಂದ್ರೆ ಈ ಪಟ್ಟಿನ ಲೆಕ್ಕ, 1.80 ಬಂತು, 95% ಕಾನ್ಫಿಡೆನ್ಸ್ ಇಂಟರ್ವಲ್ 1.20 ಇಂದ 2.70.

ಈಗ ಸರ್ ಪ್ರಶ್ನೆ. ಕೇಳದೇ ಇರೋದನ್ನ ಮಾಡೆಲ್‌ಗೆ ಹಾಕೋಕಾಗಲ್ಲ. ಆದ್ರೆ ಅದನ್ನ ಉಲ್ಟಾ ಕೇಳ್ಬೋದು: ನಾವು ಅಳೀದೇ ಇರೋ ಆ ಕನ್ಫೌಂಡರ್, ಅಂದ್ರೆ ಕೆಲಸಕ್ಕೂ ಕೆಮ್ಮಿಗೂ ಎರಡಕ್ಕೂ ತಗಲಾಕ್ಕೊಂಡಿರೋ ಬೇರೆ ಕಾರಣ, ಎಷ್ಟು ಜೋರಾಗಿದ್ರೆ ನಮ್ಮ 1.80 ಪೂರ್ತಿ ಅಳಿಸಿ ಹೋಗತ್ತೆ? ಈ ಯೋಚನೆ ಹಳೇದು. ಸಿಗರೇಟು-ಶ್ವಾಸಕೋಶದ ಕ್ಯಾನ್ಸರ್ ಜಗಳದಲ್ಲಿ ಫಿಶರ್ ಅಂಥ ದೊಡ್ಡ ಸಂಖ್ಯಾಶಾಸ್ತ್ರಜ್ಞನೇ, ಸೇದೋ ಚಟಕ್ಕೂ ಕ್ಯಾನ್ಸರಿಗೂ ಎರಡಕ್ಕೂ ಒಂದೇ ವಂಶವಾಹಿ ಕಾರಣ ಇರ್ಬೋದಲ್ವಾ ಅಂತ ವಾದ ಹೂಡಿದ್ದ. ಅದಕ್ಕೆ 1959ರಲ್ಲಿ ಕಾರ್ನ್‌ಫೀಲ್ಡ್ ಮತ್ತವನ ಜೊತೆಗಾರರು ಕೊಟ್ಟ ಉತ್ತರ ಏನಂದ್ರೆ, ಸೇದೋರಲ್ಲಿ ರಿಸ್ಕ್ ಒಂಬತ್ತು ಪಟ್ಟು ಇದೆ, ಅಂಥದ್ದೊಂದು ವಂಶವಾಹಿಯೇ ಇದಕ್ಕೆಲ್ಲ ಕಾರಣ ಅಂದ್ರೆ ಅದು ಸೇದೋರಲ್ಲಿ ಕಮ್ಮಿ ಅಂದ್ರೂ ಒಂಬತ್ತು ಪಟ್ಟು ಜಾಸ್ತಿ ಕಾಣ್ಬೇಕು, ತೋರ್ಸಿ ನೋಡೋಣ ಅಂತ. ಇದನ್ನೇ ಬೆಳೆಸಿ ವ್ಯಾಂಡರ್‌ವೀಲ್ ಮತ್ತು ಡಿಂಗ್ ಅನ್ನೋರು 2017ರಲ್ಲಿ ಇ-ವ್ಯಾಲ್ಯೂ ಅಂತ ಕೊಟ್ರು. ಸೂತ್ರ ಇಷ್ಟೇ, RR ಅಂದ್ರೆ ರಿಸ್ಕ್ ರೇಶಿಯೋ:

```
E = RR + sqrt(RR * (RR - 1))
```

ನಮ್ದಕ್ಕೆ 1.8 × 0.8 = 1.44, ಅದರ ವರ್ಗಮೂಲ 1.2, ಕೂಡಿದ್ರೆ 3.0. ಬಾಯಿಲೆಕ್ಕದಲ್ಲೇ ಆಗೋಯ್ತು. ರಿಸ್ಕ್ ರೇಶಿಯೋ ಒಂದಕ್ಕಿಂತ ಕಮ್ಮಿ ಬಂದಿದ್ರೆ ಮೊದಲು ತಿರುಗಿಸಿ, ಒಂದನ್ನ ಅದರಿಂದ ಭಾಗಿಸ್ಕೋಬೇಕು ಅಷ್ಟೇ. ಆರ್ ಸಾಫ್ಟ್‌ವೇರ್‌ನಲ್ಲಿ ನೋಡೋರಿಗೆ:

```r
library(EValue)
evalues.RR(est = 1.80, lo = 1.20, hi = 2.70)
```

ಇದು 3.0 ಜೊತೆಗೆ ಇನ್ನೊಂದು ನಂಬರ್ ಕೊಡತ್ತೆ, 1.69. ಅದು ಇಂಟರ್ವಲ್‌ನ ಕೆಳಗಿನ ತುದಿ 1.20ರ ಇ-ವ್ಯಾಲ್ಯೂ. ಸುಮಾರು ಪೇಪರ್‌ಗಳಲ್ಲಿ ಮೊದಲನೇದನ್ನ ದಪ್ಪ ಅಕ್ಷರದಲ್ಲಿ ಹಾಕಿ ಎರಡನೇದನ್ನ ಟೇಬಲ್ ಕೆಳಗೆ ಸಣ್ಣಕ್ಕೆ ತುರುಕಿರ್ತಾರೆ, ನನಗದು ಸರಿ ಕಾಣಲ್ಲ, ಯಾಕೆ ಅಂತ ಕೆಳಗೆ ಗೊತ್ತಾಗತ್ತೆ.

3.0 ಅಂದ್ರೆ ಏನು: ಅಳೀದೇ ಇರೋ ಆ ಕನ್ಫೌಂಡರ್ ಆಲೆಮನೆ ಕೆಲಸದ ಜೊತೆಗೂ ಮೂರು ಪಟ್ಟು ಸಂಬಂಧ ಇಟ್ಕೊಂಡಿರ್ಬೇಕು, ಕೆಮ್ಮಿನ ಜೊತೆಗೂ ಮೂರು ಪಟ್ಟು ಇಟ್ಕೊಂಡಿರ್ಬೇಕು, ಅದೂ ನಾವು ಈಗಾಗ್ಲೇ ಅಡ್ಜಸ್ಟ್ ಮಾಡಿರೋ ಬೀಡಿ, ವಯಸ್ಸು, ಒಲೆ ಎಲ್ಲಾ ಕಳೆದ ಮೇಲೂ. ಎರಡೂ ಮೂರೇ ಆಗಿರ್ಬೇಕು ಅಂತಿಲ್ಲ, ಒಂದು ಕಡೆ ಜೋರಿದ್ರೆ ಇನ್ನೊಂದು ಕಡೆ ಕಮ್ಮಿ ಇದ್ರೂ ನಡಿಯತ್ತೆ. ಹಳೇ ಟಿಬಿ ಆದೋರಿಗೆ ಕೆಮ್ಮು ಐದು ಪಟ್ಟು ಅಂತಾನೇ ಇಟ್ಕೊಳ್ಳೋಣ, ಆಗ ಆಲೆಮನೆಯೋರಲ್ಲಿ ಟಿಬಿ ಆದೋರು ಕೂಲಿಯೋರಿಗಿಂತ ಕಮ್ಮಿ ಅಂದ್ರೂ 2.25 ಪಟ್ಟು ಇರ್ಬೇಕು, ಆಗ್ಲೇ 1.80 ಮಾಯ ಆಗೋಕೆ ಸಾಧ್ಯ. ಈ ಲೆಕ್ಕಕ್ಕೆ ಸೂತ್ರ ಇದು, ಎರಡು ಸಂಬಂಧ ಸೇರಿ ಹೆಚ್ಚಂದ್ರೆ ಎಷ್ಟು ಉಬ್ಬಿಸ್ಬೋದು ಅಂತ ಹೇಳತ್ತೆ, RR_EU ಅಂದ್ರೆ ಕನ್ಫೌಂಡರ್‌ಗೂ ಕೆಲಸಕ್ಕೂ ಇರೋ ಸಂಬಂಧ, RR_UD ಅಂದ್ರೆ ಕನ್ಫೌಂಡರ್‌ಗೂ ಕೆಮ್ಮಿಗೂ ಇರೋ ಸಂಬಂಧ:

```
B = (RR_EU * RR_UD) / (RR_EU + RR_UD - 1)
```

ಒಂದೇ ಊರು, ಒಂದೇ ನಾಲೆ ನೀರು, ಸುಮಾರು ಒಂದೇ ಥರದ ಮನೆಗಳು, ಟಿಬಿ ಎರಡೂಕಾಲು ಪಟ್ಟು ಬೇರೆ ಇರತ್ತೆ ಅಂತ ನನಗೆ ಅನ್ಸಲ್ಲ. ಆದ್ರೆ ಅನ್ಸೋದು ಬೇರೆ, ಇಂಟರ್ವಲ್ ಬೇರೆ. ಕೆಳತುದಿ 1.20ನ ಒಂದಕ್ಕೆ ಇಳಿಸೋಕೆ ಅದೇ ಐದು ಪಟ್ಟಿನ ಟಿಬಿ ಬರೀ 1.26 ಪಟ್ಟು ಇದ್ರೂ ಸಾಕಾಗ್ಬೋದು. ಇಷ್ಟು ವ್ಯತ್ಯಾಸ ಇಲ್ಲ ಅಂತ ಎದೆ ತಟ್ಕೊಂಡು ಹೇಳೋಕೆ ನನ್ನ ಕೈಲಾಗಲ್ಲ.

ಇ-ವ್ಯಾಲ್ಯೂ 3 ಅಂದ್ರೆ ದೊಡ್ಡದಾ ಚಿಕ್ಕದಾ ಅಂತ ಮೇಡಂ ಒಬ್ರು ಕೇಳಿದ್ರು. ಪಾಸ್ ಮಾರ್ಕ್ಸ್ ಅಂತ ಒಂದಿಲ್ಲ ಮೇಡಂ. ವ್ಯಾಂಡರ್‌ವೀಲ್-ಡಿಂಗ್ ಪೇಪರ್‌ನಲ್ಲೇ ಇರೋ ಉದಾಹರಣೆ, ಎದೆಹಾಲು ಬಿಟ್ಟು ಬಾಟಲಿ ಹಾಲು ಕುಡಿದ ಬ್ರೆಜಿಲ್ ಮಕ್ಕಳಲ್ಲಿ ಉಸಿರಾಟದ ಸೋಂಕಿಂದ ಸಾವು 3.9 ಪಟ್ಟು, ಇ-ವ್ಯಾಲ್ಯೂ 7.2, ಅದರ ಕೆಳತುದಿಗೆ 3.0. ಅಂದ್ರೆ ಅವರ ಕೆಳತುದಿಗೆ ಬಂದಿರೋದು ನಮಗೆ ನಡುವಿನ ನಂಬರ್‌ಗೆ ಬಂದಿದೆ. ಆದ್ರೂ ಬ್ರೆಜಿಲ್ ಮಕ್ಕಳನ್ನ ತಂದು ಪಾಂಡವಪುರದ ಒಲೆ ಪಕ್ಕ ನಿಲ್ಸಿ ಅಳೆಯೋದ್ರಿಂದ ಏನು ಉಪಯೋಗ, ಹೋಲಿಸ್ಬೇಕಾಗಿರೋದು ನಮ್ಮದೇ ಡೇಟಾದಲ್ಲಿ ನಾವು ಅಳೆದಿರೋ ಕನ್ಫೌಂಡರ್ ಜೊತೆ.

ನಮ್ಮಲ್ಲಿ ಎಲ್ಲಕ್ಕಿಂತ ಜೋರಿನ ಕನ್ಫೌಂಡರ್ ಬೀಡಿ. ಆಲೆಮನೆಯೋರಲ್ಲಿ 45% ಸೇದ್ತಾರೆ, ಕೂಲಿಯೋರಲ್ಲಿ 32%, ಅಂದ್ರೆ 1.4 ಪಟ್ಟು. ಸೇದೋರಿಗೆ ಕೆಮ್ಮು 2.2 ಪಟ್ಟು. ಮೇಲಿನ ಸೂತ್ರಕ್ಕೆ ಹಾಕಿದ್ರೆ 3.08 ಭಾಗ 2.6, ಸುಮಾರು 1.18. ಇನ್ನೊಂದು ಬೀಡಿಯಷ್ಟೇ ತಾಕತ್ತಿನ ಕನ್ಫೌಂಡರ್ ನಮ್ಮ ಕಣ್ತಪ್ಪಿಸಿ ಕೂತಿದ್ರೆ 1.80 ಹೆಚ್ಚಂದ್ರೆ 1.52ಕ್ಕೆ ಇಳಿಯತ್ತೆ, ಅಂದ್ರೆ ಬೀಡಿಯಂಥದ್ದು ಒಂದೇ ಸೇರ್ಕೊಂಡು ನಮ್ಮ ಫಲಿತಾಂಶನ ಪೂರ್ತಿ ನುಂಗೋಕಾಗಲ್ಲ. ಆದ್ರೆ ಕೆಳತುದಿ 1.20 ಇದ್ದಿದ್ದು 1.01ಕ್ಕೆ ಬಂದು ನಿಲ್ಲತ್ತೆ, ಕೂದಲೆಳೆ. ನನ್ನ ಪ್ರಕಾರ ಇಡೀ ಸ್ಟಡಿಯಲ್ಲಿ ಜನಕ್ಕೆ ಹೇಳ್ಬೇಕಾಗಿರೋ ನಂಬರ್ ಇದೇ, 3.0 ಅಲ್ಲ.

ಇನ್ನೊಂದು, ಟಿಬಿ ಒಂದೇ ಅಲ್ಲ. ಬಡತನ, ಚಿಕ್ಕಂದಿನಲ್ಲಿ ಅಡುಗೆಮನೆ ಹೊಗೆ (ಈಗ ಗ್ಯಾಸ್ ಇದ್ಯಾ ಅಂತ ಕೇಳಿದೀವಿ, ಆಗ ಏನಿತ್ತು ಅಂತ ಕೇಳಿಲ್ಲ), ದಿನಕ್ಕೆ ಎಷ್ಟು ಬೀಡಿ (ಹೌದು-ಇಲ್ಲ ಅಂತಷ್ಟೇ ಬರ್ಕೊಂಡಿದೀವಿ), ಇವೆಲ್ಲ ಸಣ್ಣ ಸಣ್ಣವು ಸೇರಿ ಒಟ್ಟಾಗಿ ಎಷ್ಟಾಗತ್ತೆ ಅನ್ನೋದೇ ಪ್ರಶ್ನೆ. ಇ-ವ್ಯಾಲ್ಯೂನ ಈ ಒಟ್ಟು ಗುಂಪಿಗೇ ಅಂತ ಓದ್ಬೇಕು. "ಮೂರು ಪಟ್ಟಿನ ಒಂದೇ ಕನ್ಫೌಂಡರ್ ಎಲ್ಲಿದೆ ತೋರ್ಸಿ" ಅಂತ ನಾನು ಸರ್‌ಗೆ ಸವಾಲು ಹಾಕಿದ್ರೆ ಅದು ವಕೀಲರ ಜಾಣತನ ಆಗತ್ತೆ ಅಷ್ಟೇ.

ಆಡ್ಸ್ ರೇಶಿಯೋ ಯಾಕೆ ಕೊಟ್ಟಿಲ್ಲ ಅಂತ ಜೂನಿಯರ್‌ಗಳು ಮೆಸೇಜ್ ಮಾಡಿದ್ರಿ. ಕೆಮ್ಮು ಇಲ್ಲಿ ಅಪರೂಪದ ಕಾಯಿಲೆ ಅಲ್ಲ, ನೂರಕ್ಕೆ 13, 26 ಇದೆ, ಅದಕ್ಕೇ ಲಾಜಿಸ್ಟಿಕ್ ಬಿಟ್ಟು ಪಾಯ್ಸನ್ ರಿಗ್ರೆಶನ್ ರೋಬಸ್ಟ್ ಎರರ್ ಜೊತೆ ಹಾಕಿದ್ದು. ಅಡ್ಜಸ್ಟ್ ಮಾಡದೇ ಇರೋ ಆಡ್ಸ್ ರೇಶಿಯೋ 2.37, ಅದನ್ನ ಹಂಗೇ ಸೂತ್ರಕ್ಕೆ ಹಾಕಿದ್ರೆ ಇ-ವ್ಯಾಲ್ಯೂ 4.17 ಬರತ್ತೆ, ಅದೇ ಕಚ್ಚಾ ರಿಸ್ಕ್ ರೇಶಿಯೋ 2.01ಕ್ಕೆ 3.43. ಸುಮ್ನೆ ಉಬ್ಬಿದ ನಂಬರ್. ಆಡ್ಸ್ ರೇಶಿಯೋ ಬಿಟ್ರೆ ಗತಿ ಇಲ್ಲ ಅಂದಾಗ, ಕಾಯಿಲೆ ಸಾಮಾನ್ಯವಾಗಿದ್ರೆ ಅದರ ವರ್ಗಮೂಲ ತಗೊಂಡು ಹಾಕೋದು ರೂಢಿ, ಆಗ 2.45 ಬರತ್ತೆ.

ಇ-ವ್ಯಾಲ್ಯೂ ಮುಟ್ಟದೇ ಇರೋ ವಿಷಯಗಳೂ ಇವೆ. ಕೆಮ್ಮು ಜೋರಾದೋರು ಆಲೆಮನೆ ಬಿಟ್ಟು ಕೂಲಿಗೆ ಹೋಗಿರ್ತಾರೆ, ಇಲ್ಲಾ ಮನೇಲೇ ಕೂತಿರ್ತಾರೆ, ಅದು ನಮ್ಮ 1.80ನ ನಿಜಕ್ಕಿಂತ ಕಮ್ಮಿ ತೋರ್ಸಿರ್ಬೋದು. ನಮ್ಮ ಹುಡುಗರು ಆಲೆಮನೆ ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದ್ರು, ಎದುರಿಗೆ ಹೊಗೆ ಕಾಣ್ತಿರೋವಾಗ ಕೆಮ್ಮು ಬಗ್ಗೆ ಇನ್ನೊಂದ್ಸಲ ಒತ್ತಿ ಕೇಳಿರ್ಬೋದು, ಅದು ಜಾಸ್ತಿ ತೋರ್ಸಿರತ್ತೆ. ಮೇಲಾಗಿ ಇದು ಒಂದೇ ಸಲ ಹೋಗಿ ಬಂದ ಸ್ಟಡಿ, ಕೆಮ್ಮು ಮೊದ್ಲಾ ಕೆಲಸ ಮೊದ್ಲಾ ಅಂತಾನೂ ಗಟ್ಟಿ ಇಲ್ಲ. 2019ರಲ್ಲಿ ಅಯೊನಿಡಿಸ್ ಮತ್ತವರ ಜೊತೆಯವರು ಇ-ವ್ಯಾಲ್ಯೂ ಮೇಲೆ ಟೀಕೆ ಬರೆದಿದ್ರು, ಅದರಲ್ಲಿ ನನಗೆ ನಾಟಿದ್ದು ಏನಂದ್ರೆ ಇದು ರಿಸ್ಕ್ ರೇಶಿಯೋನೇ ಬೇರೆ ಅಂಗಿ ಹಾಕ್ಕೊಂಡು ಬಂದಂಗೆ, ಹೊಸ ಮಾಹಿತಿ ಏನೂ ಒಳಗೆ ಬರಲ್ಲ. ನಿಜ. ಬೀಡಿ ಹೋಲಿಕೆ ಥರ ಹೊರಗಿಂದ ಏನಾದ್ರೂ ತಂದು ಪಕ್ಕದಲ್ಲಿಟ್ರೇನೇ ಅದಕ್ಕೆ ಅರ್ಥ.

ಆ ಉದ್ದೇಶಕ್ಕೇ ಹಲ್ಲುನೋವನ್ನೂ ಕೇಳಿದ್ವಿ. ಹೊಗೆಯಿಂದ ಹಲ್ಲುನೋವು ಬರಲ್ಲ, ಬಡತನ ಇದ್ರೆ ಹಲ್ಲೂ ಹಾಳಿರತ್ತೆ, ಹಂಗಾಗಿ ಎರಡು ಗುಂಪಿನ ಮಧ್ಯೆ ಬಡತನದ ವ್ಯತ್ಯಾಸ ಇದ್ರೆ ಅಲ್ಲಿ ಕಾಣ್ಬೇಕು ಅನ್ನೋ ಲೆಕ್ಕಾಚಾರ. ಬಂದಿದ್ದು 1.12, ಇಂಟರ್ವಲ್ 0.85 ಇಂದ 1.48. ಸಮಾಧಾನ ಆಯ್ತು ಅನ್ನೋಷ್ಟರಲ್ಲಿ ಮಳವಳ್ಳಿ ಕಡೆಯ ನಮ್ಮ ಫೀಲ್ಡ್ ಅಣ್ಣ ನಕ್ಬಿಟ್ರು, "ಮೇಡಂ, ದಿನಾ ಬಿಸಿಬೆಲ್ಲ ಬಾಯಿಗೆ ಹಾಕ್ಕೊಳ್ಳೋರಿಗೆ ಹಲ್ಲುನೋವು ಬರ್ದೇ ಇರತ್ತಾ" ಅಂತ. ಮಾತು ಸರಿ. ಬೆಲ್ಲ ನೇರವಾಗಿ ಹಲ್ಲು ಕೆಡಿಸಿದ್ರೆ 1.12 ಅನ್ನೋದು ಬಡತನದ ಅಳತೆ ಅಂತ ಹೇಳೋಕಾಗಲ್ಲ. ಆದ್ರೂ ಎರಡೂ ಸೇರಿ ಬರೀ 1.12 ಆಗಿದೆ ಅಂದ್ರೆ ಬಡತನದ ಪಾಲು ತೀರಾ ದೊಡ್ಡದಿರಲಾರದು ಅಂತ ನನ್ನ ಓದು, ಇಂಟರ್ವಲ್ ಅಗಲ ಇದೆ ಅನ್ನೋದನ್ನ ಮರೀದೇನೇ.

ವರದಿಯಲ್ಲಿ ಈ ಪ್ಯಾರಾ ಹಿಂಗೆ ಹೋಗತ್ತೆ, ತಕರಾರಿದ್ರೆ ಸೋಮವಾರದೊಳಗೆ ಹೇಳಿ:

"ಹಳೆಯ ಟಿಬಿ, ಆದಾಯ, ಬಾಲ್ಯದ ಅಡುಗೆಮನೆ ಹೊಗೆ ಮತ್ತು ಬೀಡಿಯ ಪ್ರಮಾಣವನ್ನು ನಾವು ಅಳೆದಿಲ್ಲ. ಇವೆಲ್ಲ ಸೇರಿ 1.80 ರಿಸ್ಕ್ ರೇಶಿಯೋವನ್ನು ಪೂರ್ತಿ ವಿವರಿಸಬೇಕಾದರೆ, ಅಳೆದ ಅಂಶಗಳನ್ನು ಕಳೆದ ನಂತರವೂ ಆಲೆಮನೆ ಕೆಲಸ ಮತ್ತು ಕೆಮ್ಮು ಎರಡರ ಜೊತೆಗೂ ತಲಾ 3.0 ಪಟ್ಟು ಸಂಬಂಧ ಇರಬೇಕು, ಅಥವಾ ಒಂದು ಕಡೆ ಕಡಿಮೆ ಇದ್ದರೆ ಇನ್ನೊಂದು ಕಡೆ ಅದಕ್ಕಿಂತ ಹೆಚ್ಚಿರಬೇಕು. ಇಂಟರ್ವಲ್‌ನ ಕೆಳತುದಿಯನ್ನು 1ಕ್ಕೆ ತರಲು ತಲಾ 1.69 ಪಟ್ಟು ಸಾಕಾಗಬಹುದು. ನಮ್ಮ ಡೇಟಾದಲ್ಲಿ ಬೀಡಿಯಷ್ಟು ಪ್ರಬಲವಾದ ಇನ್ನೊಂದು ಅಂಶ ಇದ್ದರೆ ಅಂದಾಜು 1.52ಕ್ಕೂ ಕೆಳತುದಿ 1.01ಕ್ಕೂ ಇಳಿಯಬಹುದು. ಹಾಗಾಗಿ ಅಳೆಯದ ಕನ್ಫೌಂಡಿಂಗ್ ಒಂದೇ ಈ ಸಂಬಂಧವನ್ನು ಪೂರ್ತಿ ಸೃಷ್ಟಿಸಿರುವುದು ಕಷ್ಟ ಎಂದು ಕಂಡರೂ, ಅದನ್ನು ತಳ್ಳಿಹಾಕುವಷ್ಟು ನಿಖರತೆ ಈ ಅಧ್ಯಯನಕ್ಕಿಲ್ಲ."

ಶೀರ್ಷಿಕೆಯಲ್ಲಿದ್ದ "ಹೊಗೆಯಿಂದ ಬರುವ ಕೆಮ್ಮು" ತೆಗೆದು "ಆಲೆಮನೆ ಕೆಲಸ ಮತ್ತು ದೀರ್ಘಕಾಲದ ಕೆಮ್ಮು" ಅಂತ ಮಾಡಿದೀನಿ. ಸರ್, ಮುಂದಿನ ರೌಂಡ್‌ಗೆ ಟಿಬಿ ಟ್ರೀಟ್‌ಮೆಂಟ್ ತಗೊಂಡಿದ್ರಾ, ದಿನಕ್ಕೆ ಎಷ್ಟು ಬೀಡಿ, ರೇಷನ್ ಕಾರ್ಡ್ ಯಾವ್ದು, ಈ ಮೂರೂ ಫಾರ್ಮಿಗೆ ಸೇರಿಸಿದೀನಿ, ಕಬ್ಬು ಅರೆಯೋದು ಜೋರಾಗೋ ಮುಂಚೆ ಒಪ್ಪಿಗೆ ಸಿಕ್ರೆ ಅನುಕೂಲ.