ತಾತನ ದಿನಚರಿ: 1947 ಆಗಸ್ಟ್‌ನಿಂದ 1948 ಜನವರಿವರೆಗಿನ ಕಾಲಾನುಕ್ರಮ

ತಾತ ಆಗ ಪಾಂಡವಪುರದ ಹತ್ತಿರದ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು. ಚಿಕ್ಕಪ್ಪನ ಮಗಳು ಒಂದು ವರ್ಷ ಕೂತು ಅವರ ಡೈರಿಯನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದಾಳೆ. ಆ ಪ್ರತಿಯಿಂದ ನಾನು ಈ ಪಟ್ಟಿ ಕಟ್ಟಿದ್ದೇನೆ. ಓದುವ ಮುಂಚೆ ಒಂದು ವಿಷಯ ಎಲ್ಲರಿಗೂ ತಿಳಿದಿರಬೇಕು. ಡೈರಿ ಅಚ್ಚಾಗಿದ್ದು 1946ಕ್ಕೆ. ಖಾಲಿ ಉಳಿದಿದ್ದ ಆ ಪುಸ್ತಕದಲ್ಲಿ ತಾತ ಮುಂದಿನ ವರ್ಷ ಬರೆದರು. ಪುಟದ ಮೇಲೆ ಅಚ್ಚಾದ ತಾರೀಖು ಒಂದು, ಅವರು ಕೈಯಲ್ಲಿ ಹಾಕಿದ್ದು ಇನ್ನೊಂದು. ಎಷ್ಟೋ ಕಡೆ ಕೈತಾರೀಖೇ ಇಲ್ಲ, ಸಿಕ್ಕಿದ ಖಾಲಿ ಪುಟದಲ್ಲಿ ಬರೆದಿದ್ದಾರೆ. ಹಾಗಾಗಿ ಅಚ್ಚಿನ ತಾರೀಖನ್ನು ನಾನು ಎಲ್ಲಿಯೂ ಆಧಾರವಾಗಿ ತೆಗೆದುಕೊಂಡಿಲ್ಲ. ಪುಟ ಹುಡುಕಲು ಅನುಕೂಲವಾಗಲಿ ಎಂದು ಮಾತ್ರ ಕೊಟ್ಟಿದ್ದೇನೆ.

ತಾತ ಬರೆದ ತಾರೀಖೂ ವಾರವೂ 1947–48ರ ಕ್ಯಾಲೆಂಡರಿಗೆ ಕೂಡಿ ಬಂದರೆ, ಅಥವಾ ವಾರದ ಜೊತೆ ತಿಥಿ ಬರೆದಿದ್ದರೆ, ಅದು ಮೊದಲ ಭಾಗದಲ್ಲಿದೆ. ಉಳಿದದ್ದೆಲ್ಲ ಎರಡನೆಯದರಲ್ಲಿ. ಎರಡನ್ನೂ ದಯವಿಟ್ಟು ಬೆರೆಸಬೇಡಿ.

ಭಾಗ 1: ಖಚಿತ ದಿನಗಳು

15 ಆಗಸ್ಟ್ 1947, ಶುಕ್ರವಾರ (ಅಚ್ಚಿನ ಪುಟ ಆಗಸ್ಟ್ 14)
"ಪೇಟೆಯಲ್ಲಿ ಬಾವುಟ ಕಟ್ಟಿದ್ದಾರೆ. ಮಕ್ಕಳಿಗೆ ಬೆಲ್ಲ ಕಡ್ಲೆ ಹಂಚಿದೆ. ಸಂಜೆ ಮನೆಯಲ್ಲಿ ನೋವು ಶುರುವಾಯಿತು. ಸೂಲಗಿತ್ತಿಗೆ ಹೇಳಿ ಕಳಿಸಿದೆ."

27 ಆಗಸ್ಟ್ 1947, ಬುಧವಾರ (ಆಗಸ್ಟ್ 26)
"ಕೂಸಿಗೆ ಇವತ್ತಿಗೆ ಹನ್ನೆರಡು ದಿನ. ಹೆಸರಿಟ್ಟೆವು. ಪುಟ್ಟಿ ತೊಟ್ಟಿಲು ಬಿಟ್ಟು ಕದಲಲಿಲ್ಲ."

1 ಸೆಪ್ಟೆಂಬರ್ 1947, ಸೋಮವಾರ (ಆಗಸ್ಟ್ 31)
"ಇವತ್ತಿನಿಂದ ಸತ್ಯಾಗ್ರಹ. ಶಾಲೆ ನಡೆಸಿದೆ. ಮನಸ್ಸು ಅಲ್ಲಿರಲಿಲ್ಲ."
ಜವಾಬ್ದಾರಿ ಸರ್ಕಾರ ಕೇಳಿ ನಡೆದ 'ಮೈಸೂರು ಚಲೋ' ಚಳವಳಿ ಶುರುವಾದ ದಿನವೂ ಇದೇ.

14 ಸೆಪ್ಟೆಂಬರ್ 1947, ಭಾನುವಾರ (ಸೆಪ್ಟೆಂಬರ್ 13)
"ನಿನ್ನೆ ಮೈಸೂರಲ್ಲಿ ಗೋಲಿಬಾರ್ ಆಯಿತಂತೆ. ಓದುವ ಹುಡುಗ ಸತ್ತನಂತೆ."
ಬರೆದದ್ದು 14ರಂದು, ಘಟನೆ 13ರದು. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆ ಹುಡುಗನ ಹೆಸರೇ ಇದೆ. ಅಚ್ಚಿನ ಪುಟವೂ 13 ಆಗಿರುವುದು ಕಾಕತಾಳೀಯ. ಟೈಪ್ ಮಾಡುವಾಗ ಇದನ್ನು 13ಕ್ಕೆ ಸೇರಿಸಿದ್ದೆವು, ಈಗ ಸರಿಪಡಿಸಿದ್ದೇನೆ.

24 ಅಕ್ಟೋಬರ್ 1947, ಶುಕ್ರವಾರ (ಅಕ್ಟೋಬರ್ 22)
ತಾತ ಇಲ್ಲಿ ತಾರೀಖು ಹಾಕದೆ "ಸರ್ವಜಿತ್ ಸಂ. ಆಶ್ವಯುಜ ಶುದ್ಧ ದಶಮಿ, ಶುಕ್ರವಾರ" ಎಂದಿದ್ದಾರೆ. ಆ ವರ್ಷದ ವಿಜಯದಶಮಿ. "ಬನ್ನಿಮರಕ್ಕೆ ಹೋಗಿ ಬಂದೆವು. ಕೂಸು ದಾರಿಯುದ್ದ ನಿದ್ದೆ."

12 ನವೆಂಬರ್ 1947, ಬುಧವಾರ (ನವೆಂಬರ್ 12)
"ಅಮಾವಾಸ್ಯೆ, ಬುಧವಾರ. ಎಣ್ಣೆ ಸಾಲದು. ಐದೇ ಹಣತೆ. ಪುಟ್ಟಿಯೇ ಹಚ್ಚಿದಳು." ದೀಪಾವಳಿ. ಅಚ್ಚಿನ ತಾರೀಖೂ ನಿಜವಾದ ತಾರೀಖೂ ಒಂದೇ ಆಗಿರುವ ಪುಟ ಈ ಭಾಗದಲ್ಲಿ ಇದೊಂದೇ.

14 ಜನವರಿ 1948, ಬುಧವಾರ (ಡಿಸೆಂಬರ್ 28)
"ಸಂಕ್ರಾಂತಿ. ನಮ್ಮ ಮನೆಯಿಂದ ಈ ಸಲ ಎಳ್ಳು ಬೀರಲಿಲ್ಲ."

31 ಜನವರಿ 1948, ಶನಿವಾರ (ಜನವರಿ 3)
ತಾತ ಶನಿವಾರವನ್ನು 'ಸ್ಥಿರವಾರ' ಎಂದೇ ಬರೆಯುತ್ತಿದ್ದರು. "ನಿನ್ನೆ ಗಾಂಧಿಯವರನ್ನು ಕೊಂದರು. ಒಲೆ ಹಚ್ಚಲಿಲ್ಲ." ಡೈರಿಯ ಕೊನೆ ತುಂಬಿದ್ದರಿಂದ ಮೊದಲಲ್ಲಿ ಖಾಲಿ ಬಿಟ್ಟಿದ್ದ ಹಾಳೆಗೆ ಹೋಗಿದ್ದಾರೆ. ಪುಟದ ಕ್ರಮದಲ್ಲಿ ಓದಿದವರಿಗೆ ಇದು ಎಲ್ಲಕ್ಕಿಂತ ಮೊದಲು ಸಿಗುತ್ತದೆ.

ಭಾಗ 2: ಖಚಿತವಲ್ಲದ ದಿನಗಳು

ದೊಡ್ಡಪ್ಪನ ಹುಟ್ಟು: 15 ಅಥವಾ 16 ಆಗಸ್ಟ್ 1947
ಆಗಸ್ಟ್ 15ರ ಅಚ್ಚಿನ ಪುಟದಲ್ಲಿ "ಗಂಡು ಕೂಸು. ತಾಯಿ ಮಗು ಕ್ಷೇಮ" ಎಂದಿದೆ. ನಾವು ಇಷ್ಟು ವರ್ಷ ನಂಬಿದ್ದು ಈ ಪುಟವನ್ನೇ. ಆದರೆ ಇಲ್ಲಿ ಕೈತಾರೀಖಿಲ್ಲ, ನಿಜವಾದ 15ರ ಸುದ್ದಿ ಹಿಂದಿನ ಪುಟದಲ್ಲಿದೆ, ಆ ಸಂಜೆ ನೋವು ಇನ್ನೂ ಶುರುವಾಗಿತ್ತಷ್ಟೆ. ಹೆಸರಿಟ್ಟ ದಿನದಿಂದ ಹಿಂದಕ್ಕೆ ಎಣಿಸಿದರೆ, ಹುಟ್ಟಿದ ದಿನವನ್ನೂ ಸೇರಿಸಿದಾಗ 16 ಬರುತ್ತದೆ, ಬಿಟ್ಟಾಗ 15. ಮಧ್ಯರಾತ್ರಿ ಕಳೆದು ಸೂರ್ಯ ಹುಟ್ಟುವ ಮುಂಚೆ ಹೆರಿಗೆಯಾಗಿದ್ದರೆ ಕ್ಯಾಲೆಂಡರಿಗೆ 16, ಪಂಚಾಂಗಕ್ಕೆ ಇನ್ನೂ ಶುಕ್ರವಾರವೇ. ದೊಡ್ಡಪ್ಪ ಪ್ರತಿ ವರ್ಷ ಬಾವುಟ ಹಾರಿಸಿ ಸಿಹಿ ಹಂಚುವುದನ್ನು ನೋಡಿ ಬೆಳೆದವಳು ನಾನು. 15 ಎಂದು ಬರೆದುಬಿಡಬೇಕು ಅನ್ನಿಸಿತ್ತು. ಡೈರಿ ಅಷ್ಟು ಹೇಳುವುದಿಲ್ಲ.

ರಾತ್ರಿ ಬಂದ ಇಬ್ಬರು: ಬಹುಶಃ 1 ಸೆಪ್ಟೆಂಬರ್ ಮತ್ತು 12 ಅಕ್ಟೋಬರ್ 1947ರ ನಡುವೆ
ಅಚ್ಚಿನ ಪುಟ ಸೆಪ್ಟೆಂಬರ್ 20. "ಇಬ್ಬರು ಬಂದರು. ಉಂಡು ಮಲಗಿದರು. ಬೆಳಗಿನ ಜಾವ ಎಬ್ಬಿಸಿ ಕಳಿಸಿದೆ. ಹೆಸರು ಕೇಳಲಿಲ್ಲ. ಎಲ್ಲ ಮುಗಿಯಲಿ."
ತಾತ ಸತ್ಯಾಗ್ರಹಿಗಳನ್ನು ಅಡಗಿಸಿಟ್ಟಿದ್ದರು ಎಂದು ಅಜ್ಜಿ ಹೇಳುತ್ತಿದ್ದ ಕಥೆ ಇದೇ ಇರಬೇಕು. ಚಳವಳಿ ಶುರುವಾದ ದಿನವನ್ನೂ ಜವಾಬ್ದಾರಿ ಸರ್ಕಾರದ ಒಪ್ಪಂದವಾದ ದಿನವನ್ನೂ ಎರಡು ಎಲ್ಲೆಗಳಾಗಿ ಇಟ್ಟಿದ್ದೇನೆ. ಬಂದವರು ಸತ್ಯಾಗ್ರಹಿಗಳಲ್ಲದಿದ್ದರೆ ಈ ಎಲ್ಲೆಗಳೂ ನಿಲ್ಲುವುದಿಲ್ಲ. ಸರ್ಕಾರಿ ಮೇಷ್ಟ್ರು ಬೇಕೆಂದೇ ತಾರೀಖು ಬಿಟ್ಟಿರಬಹುದು. ಅದು ನನ್ನ ಊಹೆ.

ರಾಗಿ ಸಾಲ: 2 ಅಥವಾ 3 ಅಕ್ಟೋಬರ್ 1947
"3-10-47 ಗುರುವಾರ. ನಾಲ್ಕು ಕೊಳಗ ರಾಗಿ ಸಾಲ ತಂದೆ." ಆ ದಿನ ಶುಕ್ರವಾರ. 1946ರ ಅಕ್ಟೋಬರ್ 3 ಗುರುವಾರವಾಗಿತ್ತು, ಪುಟದ ಮೇಲೆ ಅಚ್ಚಾಗಿದ್ದ ವಾರವನ್ನೇ ನೋಡಿ ಬರೆದಿರಬಹುದು. ಹಾಗಾದರೆ 3 ಸರಿ. ವಾರ ನೆನಪಿದ್ದು ತಾರೀಖು ತಪ್ಪಿದ್ದರೆ 2.

ಪಶ್ಚಿಮವಾಹಿನಿಗೆ ಹೋದದ್ದು: 30 ಜನವರಿ 1948ರ ನಂತರ
"ಬೂದಿ ನೀರಿಗೆ ಬಿಟ್ಟಲ್ಲಿ ನಿಂತು ಬಂದೆ" ಎಂಬ ಒಂದೇ ಸಾಲು. ಗಾಂಧೀಜಿಯ ಚಿತಾಭಸ್ಮದ ಮಾತು ಎಂದುಕೊಂಡಿದ್ದೇನೆ. 12 ಫೆಬ್ರವರಿ 1948ರಂದು ದೇಶದ ಹಲವೆಡೆ ವಿಸರ್ಜನೆ ಆಯಿತು. ತಾತ ಅದೇ ದಿನ ಹೋದರೋ, ಆಮೇಲೆ ಹೋಗಿ ಆ ಜಾಗದಲ್ಲಿ ನಿಂತರೋ, ಈ ಸಾಲಿನಿಂದ ತಿಳಿಯುವುದಿಲ್ಲ.

ಪುಟ್ಟಿ: 12 ನವೆಂಬರ್ 1947ರ ನಂತರ
ದೊಡ್ಡಪ್ಪನೇ ಹಿರಿಯ ಮಗು ಎಂದು ನಾವೆಲ್ಲ ತಿಳಿದಿದ್ದೆವು. ತೊಟ್ಟಿಲು ಬಿಟ್ಟು ಕದಲದ ಪುಟ್ಟಿ ಯಾರೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಡಿಸೆಂಬರ್ 9ರ ಅಚ್ಚಿನ ಪುಟದಲ್ಲಿ, ಪೆನ್ಸಿಲಿನಲ್ಲಿ, ತಾರೀಖಿಲ್ಲದೆ: "ಪುಟ್ಟಿಯ ಕಾಲ್ಗೆಜ್ಜೆ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಅವಳಮ್ಮ ನೋಡಬಾರದು."
ಸತ್ತಳು ಎಂದು ಡೈರಿ ಎಲ್ಲಿಯೂ ಹೇಳಿಲ್ಲ. ದೀಪಾವಳಿಯಂದು ಅವಳು ಇದ್ದದ್ದು ಖಚಿತ. ಸಂಕ್ರಾಂತಿಗೆ ಎಳ್ಳು ಬೀರದಿರಲು ಸೂತಕವೇ ಕಾರಣವಾಗಿದ್ದರೆ 14 ಜನವರಿ ಎರಡನೆಯ ಎಲ್ಲೆ. ಬಡತನವೂ ಕಾರಣವಿರಬಹುದು, ಆ ವರ್ಷ ರಾಗಿಯೇ ಸಾಲ ತಂದಿದ್ದರು. ಆದ್ದರಿಂದ ಎರಡನೆಯ ಎಲ್ಲೆಯನ್ನು ಬರೆಯದೆ ತೆರೆದಿಟ್ಟಿದ್ದೇನೆ.
ಅಜ್ಜಿಯ ತವರಿನಲ್ಲಿ ಈಗಲೂ ಇರುವ ಹಿರಿಯರನ್ನು ಕೇಳಲು ಮುಂದಿನ ವಾರ ಹೋಗುತ್ತಿದ್ದೇನೆ. ಅತ್ತೆ, ಅಜ್ಜಿಯ ಟ್ರಂಕು ನಿಮ್ಮ ಮನೆಯಲ್ಲಿದೆ. ಅದರ ತಳದಲ್ಲಿ ಸಣ್ಣ ಗೆಜ್ಜೆ ಇದೆಯೇ ನೋಡಿ ಹೇಳಿ.