ವಾರ್ಷಿಕೋತ್ಸವ ಸಮಾರಂಭ: ಪ್ರಾಂಶುಪಾಲರ ಸ್ವಾಗತ ನುಡಿ

ಎಲ್ಲರಿಗೂ ನಮಸ್ಕಾರ.

ಮೊದಲು, ಪ್ರಾರ್ಥನೆ ಹಾಡಿದ ಇಬ್ಬರು ಹೆಣ್ಣುಮಕ್ಕಳಿಗೆ ಜೋರಾಗಿ ಒಂದು ಚಪ್ಪಾಳೆ ಬರಲಿ. ನಡುವೆ ಕರೆಂಟು ಹೋಯಿತು, ಮೈಕು ನಿಂತಿತು. ಅವರು ನಿಲ್ಲಿಸಲಿಲ್ಲ. ಹಿಂದಿನ ಸಾಲಿನವರೆಗೂ ಬರಿದನಿಯಲ್ಲೇ ಕೇಳಿಸಿದರು.

ವೇದಿಕೆಯ ಮೇಲಿರುವ ಗಣ್ಯರ ಹೆಸರು, ಹುದ್ದೆಗಳನ್ನು ನಿರೂಪಣೆ ಮಾಡುತ್ತಿರುವ ನಮ್ಮ ಅಂತಿಮ ಬಿ.ಎ. ವಿದ್ಯಾರ್ಥಿನಿ ಆಗಲೇ ಸೊಗಸಾಗಿ ಹೇಳಿದ್ದಾಳೆ. ಆಹ್ವಾನ ಪತ್ರಿಕೆಯೂ ನಿಮ್ಮ ಕೈಯಲ್ಲಿದೆ. ಅದನ್ನೇ ನಾನು ಮತ್ತೆ ಓದುವುದಿಲ್ಲ. ಇವರೆಲ್ಲ ನಮಗೆ ಏನಾಗಬೇಕು ಎಂಬುದನ್ನಷ್ಟೇ ಹೇಳಿ ಬರಮಾಡಿಕೊಳ್ಳುತ್ತೇನೆ. ಏಳು ಸುತ್ತಿನ ಕೋಟೆಯ ಊರು ನಮ್ಮದು, ಏಳು ನಿಮಿಷಕ್ಕೆ ಮಾತು ಮುಗಿಸುತ್ತೇನೆ. ವೇದಿಕೆಯ ಹಿಂದೆ ಗೆಜ್ಜೆ ಕಟ್ಟಿಕೊಂಡು, ಬಣ್ಣ ಹಚ್ಚಿಕೊಂಡು ಮಕ್ಕಳು ನಿಂತಿದ್ದಾರೆ. ದುರ್ಗದ ಈ ಏಪ್ರಿಲ್ ಬಿಸಿಲಿಗೆ ಆ ಬಣ್ಣ ಇಳಿಯುವ ಮುಂಚೆ ಅವರು ಇಲ್ಲಿಗೆ ಬರಬೇಕು.

ಇಂದಿನ ಸಮಾರಂಭವನ್ನು ಉದ್ಘಾಟಿಸಲು ಬಂದಿರುವ ತಹಶೀಲ್ದಾರ್ ಮೇಡಂ ನಮ್ಮ ಮನೆಯ ಮಗಳು. ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಬಂದು, ಇಲ್ಲಿ ಬಿಸಿಎಂ ಹಾಸ್ಟೆಲಿನಲ್ಲಿದ್ದುಕೊಂಡು, ಇದೇ ಕಾಲೇಜಿನಲ್ಲಿ ಬಿ.ಎ. ಓದಿದವರು. ಇತಿಹಾಸದ ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಹೋದ ವಾರ ಗ್ರಂಥಾಲಯದ ಹಳೆಯ ರಿಜಿಸ್ಟರುಗಳನ್ನು ತೆಗೆಸಿ ಅವರ ಹೆಸರು ಹುಡುಕಿದೆ. ಸಿಕ್ಕಿತು. ಮೂರು ವರ್ಷದಲ್ಲಿ ಒಂದು ಪುಟ ತುಂಬಿ ಎರಡನೆಯ ಪುಟಕ್ಕೆ ದಾಟಿದೆ. ಪುಟ್ಟ, ದುಂಡಗಿನ ಸಹಿ. ಒಂದೇ ಒಂದು ಕಡೆ ಕೆಂಪು ಶಾಯಿಯಲ್ಲಿ ‘ತಡ, ದಂಡ ₹ 2’ ಎಂದು ಬರೆದಿದೆ. ಪಕ್ಕದಲ್ಲೇ ಗ್ರಂಥಪಾಲಕರು ಅದನ್ನು ಹೊಡೆದುಹಾಕಿ, ‘ಊರಿಗೆ ಹೋಗಿದ್ದಳು, ಮನ್ನಾ’ ಎಂದು ಬರೆದು ಸಹಿ ಮಾಡಿದ್ದಾರೆ. ಆ ಪುಟವನ್ನು ಹೊರಗೆ ಪ್ರದರ್ಶನದ ಮೇಜಿನ ಮೇಲಿಟ್ಟಿದ್ದೇವೆ, ಮಕ್ಕಳೆಲ್ಲ ನೋಡಿ. ಮೇಡಂ, ವೇದಿಕೆಯ ಮೇಲೆ ನಿಮ್ಮನ್ನು ‘ದಯಮಾಡಿಸಬೇಕು’ ಎನ್ನಬೇಕು. ಆದರೆ ನನ್ನ ಬಾಯಿಗೆ ಬರುವುದು ‘ಬಾರಮ್ಮ’ ಎಂಬ ಮಾತೇ. ನಿಮ್ಮ ಕಾಲೇಜಿಗೆ ನಿಮಗೆ ತುಂಬು ಹೃದಯದ ಸ್ವಾಗತ.

ಅಧ್ಯಕ್ಷತೆ ವಹಿಸಿರುವ ನಮ್ಮ ವಿದ್ಯಾಸಂಸ್ಥೆಯ ಅಧ್ಯಕ್ಷರಿಗೂ ಆಡಳಿತ ಮಂಡಳಿಯ ಎಲ್ಲ ಹಿರಿಯರಿಗೂ ಗೌರವಪೂರ್ವಕ ಸ್ವಾಗತ. ಶೇಂಗಾ ವ್ಯಾಪಾರದವರು, ಎಣ್ಣೆ ಗಿರಣಿಯವರು, ಒಂದಿಷ್ಟು ಮಂದಿ ಮೇಷ್ಟ್ರುಗಳು ಸೇರಿ ಕಟ್ಟಿದ ಸಂಸ್ಥೆ ಇದು. ಮಳೆ ಕೈಕೊಟ್ಟ ವರ್ಷ ಈ ಜಿಲ್ಲೆಯ ಮನೆಗಳಲ್ಲಿ ಏನಾಗುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಫೀಸು ಬೆಳೆ ಬಂದ ಮೇಲೆ ಕಟ್ಟಲಿ, ಹಾಲ್ ಟಿಕೆಟ್ ಮಾತ್ರ ತಡೆಯಬೇಡಿ’ ಎಂದು ಅಧ್ಯಕ್ಷರು ಈ ಸಲವೂ ಹೇಳಿದರು. ಆ ಒಂದು ಮಾತಿನಿಂದ ಪರೀಕ್ಷೆಗೆ ಕೂತವರು ಈ ಶಾಮಿಯಾನದೊಳಗೇ ಇದ್ದಾರೆ. ಅವರ ಪರವಾಗಿ ಕೃತಜ್ಞತೆಗಳು, ಸರ್.

ಹಳೆಯ ವಿದ್ಯಾರ್ಥಿಗಳ ಸಂಘದ ಪದಾಧಿಕಾರಿಗಳಿಗೆ, ಸಹೋದರ ಕಾಲೇಜುಗಳಿಂದ ಬಂದಿರುವ ಪ್ರಾಂಶುಪಾಲ ಮಿತ್ರರಿಗೆ, ಮಾಧ್ಯಮದ ಗೆಳೆಯರಿಗೆ ಆತ್ಮೀಯ ಸ್ವಾಗತ. ವರ್ಷದ ಫಲಿತಾಂಶ, ಕ್ರೀಡೆ, ಎನ್‌ಎಸ್‌ಎಸ್ ಶಿಬಿರ, ದಾವಣಗೆರೆ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ನಮ್ಮ ಖೋ ಖೋ ತಂಡದ ಆಟ, ಇವೆಲ್ಲ ವಾರ್ಷಿಕ ವರದಿಯಲ್ಲಿ ಬರುತ್ತವೆ.

ಇನ್ನು ನಮ್ಮ ಎದುರಿಗೆ ಕೂತಿರುವ ತಂದೆತಾಯಂದಿರು. ಹಿರಿಯೂರಿನ ತೆಂಗಿನ ತೋಟದಿಂದ, ಚಳ್ಳಕೆರೆಯ ಶೇಂಗಾ ಹೊಲದಿಂದ, ಹೊಳಲ್ಕೆರೆಯ ಅಡಿಕೆ ತೋಟದಿಂದ ಬಂದಿದ್ದೀರಿ. ಎಷ್ಟೋ ಜನ ಇಂದಿನ ಕೂಲಿ ಬಿಟ್ಟು ಬಂದಿದ್ದೀರಿ ಎಂದು ನನಗೆ ಗೊತ್ತು. ಮುಂದಿನ ಸಾಲಿನ ಸೋಫಾಗಳು ಯಾರಿಗೋ ಎಂದು ಹಿಂದೆ ನಿಂತಿದ್ದ ಕೆಲವು ತಾಯಂದಿರನ್ನು ನಮ್ಮ ಹುಡುಗರು ಕರೆತಂದು ಅಲ್ಲೇ ಕೂರಿಸಿದ್ದಾರೆ. ಅದು ಸರಿಯಾದ ಜಾಗ. ಅಲ್ಲೇ ಇರಿ ತಾಯಿ, ಯಾರೂ ಎಬ್ಬಿಸುವುದಿಲ್ಲ.

ನಮ್ಮೂರಿನ ಒಂದು ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ದಂಡು ಕೋಟೆ ಮುತ್ತಿದಾಗ, ಕಾವಲಿನವನು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ನೀರಿಗೆ ಹೋದ ಅವನ ಹೆಂಡತಿ ಓಬವ್ವ ಕಿಂಡಿಯ ಬಳಿ ಒನಕೆ ಹಿಡಿದು ನಿಂತಳು. ಆಕೆಯ ಶೌರ್ಯವನ್ನು ಎಲ್ಲರೂ ಹೇಳುತ್ತೇವೆ. ಇತಿಹಾಸದ ಮೇಷ್ಟ್ರಾಗಿ ನನಗೆ ಯಾವಾಗಲೂ ಕಾಡುವುದು ಇನ್ನೊಂದು ಸಂಗತಿ: ಕಾವಲಿನ ಕೆಲಸ ಆಕೆಯದಾಗಿರಲಿಲ್ಲ. ಕೋಟೆ ಕಾಯುವವರ ಪಟ್ಟಿ ಬರೆದಿದ್ದರೆ ಅದರಲ್ಲಿ ಆಕೆಯ ಹೆಸರು ಇರುತ್ತಿರಲಿಲ್ಲ.

ನಮ್ಮ ಕಾಲೇಜನ್ನೂ ಹಾಗೆ ಕಾಯುವವರಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿಲ್ಲ. ಈ ವರ್ಷ ಅವರನ್ನೂ ಕರೆದಿದ್ದೇವೆ, ಬಲಗಡೆ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಭರಮಸಾಗರದ ಕಡೆಯಿಂದ ಬೆಳಗಿನ ಬಸ್ಸು ತರುವ ಡ್ರೈವರ್ ಅಣ್ಣ ಮತ್ತು ಕಂಡಕ್ಟರ್ ಅಣ್ಣ. ಪರೀಕ್ಷೆಯ ದಿನಗಳಲ್ಲಿ ಹಳ್ಳಿಯ ಸ್ಟಾಪಿನಲ್ಲಿ ಒಬ್ಬ ಹುಡುಗಿ ಕಾಣದಿದ್ದರೂ ‘ಇನ್ನೊಬ್ಬಳು ಬರಬೇಕಲ್ಲ’ ಎಂದು ಒಂದು ನಿಮಿಷ ಹಾರ್ನ್ ಹೊಡೆದು ಕಾಯುತ್ತಾರಂತೆ. ಇದನ್ನು ನನಗೆ ಹೇಳಿದ್ದು ಆ ಹುಡುಗಿಯೇ. ಗೇಟಿನೆದುರು ಮಂಡಕ್ಕಿ, ಮೆಣಸಿನಕಾಯಿ ಮಾರುವ ಅಮ್ಮ, ದುಡ್ಡಿಲ್ಲದ ಹುಡುಗರ ಲೆಕ್ಕ ಬರೆದಿಡದ ತಾಯಿ. ಬೆಳಗ್ಗೆ ಆರಕ್ಕೇ ಬಂದು ಹದಿನಾಲ್ಕು ಕೊಠಡಿಗಳ ಕಸ ಗುಡಿಸುವ ನಮ್ಮ ಇಬ್ಬರು ಅಕ್ಕಂದಿರು. ವರ್ಷದ ಮಧ್ಯೆ ಸಂಬಳ ತಡವಾದಾಗಲೂ ಒಂದು ತರಗತಿಯನ್ನೂ ಬಿಡದೆ ತೆಗೆದುಕೊಂಡ ನಮ್ಮ ಅತಿಥಿ ಉಪನ್ಯಾಸಕರು. ನೀವೆಲ್ಲ ದಯವಿಟ್ಟು ಒಮ್ಮೆ ಎದ್ದು ನಿಲ್ಲಬೇಕು.

ಮಕ್ಕಳೇ, ಇವರಿಗೆ ಸ್ವಾಗತವನ್ನು ನಾನು ಹೇಳುವುದಿಲ್ಲ, ನೀವು ಹೇಳಿ. ಕೋಟೆಗೆ ಕೇಳಿಸುವ ಹಾಗೆ ಚಪ್ಪಾಳೆ ತಟ್ಟಿ.

ಸಂತೋಷವಾಯಿತು. ಕೂತುಕೊಳ್ಳಿ, ಅಣ್ಣಂದಿರೇ, ಅಮ್ಮಂದಿರೇ.

ನನ್ನ ಸಹೋದ್ಯೋಗಿಗಳಾದ ಬೋಧಕ, ಬೋಧಕೇತರ ಬಂಧುಗಳಿಗೂ ಸ್ವಾಗತ. ಹದಿನೈದು ದಿನದಿಂದ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಿಲ್ಲ ನೀವು. ನಿಮ್ಮ ಮನೆಯವರಿಗೂ ನಾನು ಋಣಿ. ಕೊನೆಗೆ, ಈ ಹಬ್ಬ ಯಾರದೋ ಆ ನನ್ನ ವಿದ್ಯಾರ್ಥಿಗಳಿಗೆ, ಅದರಲ್ಲೂ ಇನ್ನೆರಡು ತಿಂಗಳಲ್ಲಿ ಈ ಗೇಟು ದಾಟಿ ಹೋಗುವ ಅಂತಿಮ ವರ್ಷದವರಿಗೆ ಪ್ರೀತಿಯ ಸ್ವಾಗತ. ಕುಣಿಯಿರಿ, ಹಾಡಿ, ಗದ್ದಲ ಮಾಡಿ. ಇವತ್ತು ನಾನು ಯಾರನ್ನೂ ಸುಮ್ಮನಿರಿ ಎನ್ನುವುದಿಲ್ಲ.

ಒಂದೇ ಒಂದು ಸೂಚನೆ. ಹೊಸದುರ್ಗ ಮತ್ತು ಚಳ್ಳಕೆರೆ ಕಡೆಯ ಮಕ್ಕಳಿಗೆ ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಏಳೂವರೆಗೆ ಎರಡು ವ್ಯಾನು ಹೊರಡುತ್ತವೆ. ನಿಮ್ಮ ನೃತ್ಯಗಳನ್ನು ಪಟ್ಟಿಯಲ್ಲಿ ಮೊದಲಿಗೆ ಹಾಕಿದ್ದೇವೆ. ಊಟದ ಪೊಟ್ಟಣ ವ್ಯಾನಿನಲ್ಲೇ ಕೊಡುತ್ತಾರೆ, ತೆಗೆದುಕೊಳ್ಳದೆ ಯಾರೂ ಹೋಗಬಾರದು.

ದೀಪ ಸಿದ್ಧವಾಗಿದೆ. ಗಾಳಿ ಜೋಗಿಮಟ್ಟಿ ಕಡೆಯಿಂದ ಜೋರಾಗಿ ಬೀಸುತ್ತಿದೆ, ಹುಡುಗರೇ, ಇಬ್ಬರು ಬಂದು ಶಾಲು ಅಡ್ಡ ಹಿಡಿಯಿರಿ. ಮೇಡಂ, ಬಾರಮ್ಮ, ದೀಪ ಬೆಳಗಿಸು.