ಬೀಮ್ ಡಿಸೈನ್ ಚೆಕ್‌ಲಿಸ್ಟ್: ಐಎಸ್ 456:2000 ಕ್ಲಾಜ್‌ಗಳ ಪಾಠದಿಂದ, ಲೆಕ್ಕದ ಕ್ರಮದಲ್ಲಿ

ಪಾಠದಲ್ಲಿ ಕ್ಲಾಜ್‌ಗಳು 22ರಿಂದ 43ರವರೆಗೆ ಸಾಲಾಗಿ ಬಂದವು. ಡಿಸೈನ್ ಆ ಸಾಲಿನಲ್ಲಿ ನಡೆಯುವುದಿಲ್ಲ ಅಲ್ವಾ? 26ರಲ್ಲಿರುವ ಕವರ್ ಗೊತ್ತಾಗದೆ d ಸಿಗುವುದಿಲ್ಲ, d ಇಲ್ಲದೆ 38ನೇ ಕ್ಲಾಜ್‌ನ ಲೆಕ್ಕ ಶುರುವೇ ಆಗುವುದಿಲ್ಲ. ಅದಕ್ಕೇ ಕ್ರಮ ಬದಲಿಸಿದ್ದೇನೆ.

ಉದಾಹರಣೆ: ಮಂಗಳೂರಿನ ಕಡಲ ಬದಿಯ ಮನೆ. ಎರಡೂ ಬದಿ 230 ಮಿಮೀ ಕೆಂಪುಕಲ್ಲಿನ ಗೋಡೆ, ಮೇಲೆ ಸರಳ ಆಧಾರದ ಬೀಮ್. ಅಳತೆ 230 × 450. ಸ್ವಂತ ತೂಕ ಸೇರಿ ಲೋಡ್ 20 kN/m.

1. ಪರಿಸರ, ಗ್ರೇಡ್, ಕವರ್ (ಟೇಬಲ್ 3, 5, 16)
☐ ಕಡಲ ಗಾಳಿಗೆ ನೇರವಾಗಿ ತೆರೆದದ್ದು, ಆದ್ದರಿಂದ "ಸಿವಿಯರ್".
☐ ಕಾಂಕ್ರೀಟ್ ಕನಿಷ್ಠ ಎಂ30, ಸಿಮೆಂಟ್ ಕನಿಷ್ಠ 320 ಕೆಜಿ/ಘನ ಮೀಟರ್, ನೀರು-ಸಿಮೆಂಟ್ ಅನುಪಾತ ಗರಿಷ್ಠ 0.45.
☐ ಕವರ್ 45 ಮಿಮೀ. ಎಂ35 ಅಥವಾ ಮೇಲಾದರೆ 5 ಕಡಿಮೆ ಮಾಡಬಹುದು, ಎಂ30ಗೆ ಆ ರಿಯಾಯಿತಿ ಇಲ್ಲ.
ಕವರ್ ಸ್ಟಿರಪ್‌ನ ಹೊರಗಿನಿಂದ ಅಳೆಯುವುದು. ಮುಖ್ಯ ಸರಳಿನಿಂದ ಅಳೆದರೆ d ಸುಮ್ನೆ ಜಾಸ್ತಿ ಸಿಗುತ್ತದೆ. ಇಲ್ಲಿ d = 450 − 45 − 8 − 10 = 387.

2. ಸ್ಪ್ಯಾನ್, ಲೋಡ್ (22.2, ಟೇಬಲ್ 18)
☐ ಸ್ಪಷ್ಟ ಅಂತರ + d, ಅಥವಾ ಆಧಾರಗಳ ಮಧ್ಯದಿಂದ ಮಧ್ಯಕ್ಕೆ: ಯಾವುದು ಚಿಕ್ಕದೋ ಅದು. 4.77 + 0.387ಕ್ಕಿಂತ 5.0 ಚಿಕ್ಕದು.
☐ 1.5 ಗುಣಿಸಿ 30 kN/m. Mu = 93.75 kNm, Vu = 75 kN.

3. ಆಳ ಸಾಕೇ? (23.2.1, 23.3)
☐ ಸರಳ ಆಧಾರಕ್ಕೆ L/d ಮೂಲ ಮಿತಿ 20, ಕಂಟಿನ್ಯುಯಸ್‌ಗೆ 26, ಕ್ಯಾಂಟಿಲಿವರ್‌ಗೆ 7. ನಮ್ಮದು 12.9. ಮಾಡಿಫಿಕೇಶನ್ ಗುಣಕ 1ರ ಆಸುಪಾಸಿದ್ದರೂ ಭಯವಿಲ್ಲ.
☐ ಪಕ್ಕಕ್ಕೆ ಬಾಗದಿರಲು 60b ಮತ್ತು 250b²/d ಎರಡರಲ್ಲಿ ಚಿಕ್ಕದು 13.8 ಮೀ. ಪಾಸ್.

4. ಬಾಗುವಿಕೆ (38.1)
☐ ಎಫ್‌ಇ 500ಕ್ಕೆ xu/d ಗರಿಷ್ಠ 0.46 (415ಕ್ಕೆ 0.48).
☐ ಮಿತಿ ಮೊಮೆಂಟ್:

```
Mu,lim = 0.133 fck b d² = 137 kNm  > 93.75
```

ಕಂಪ್ರೆಶನ್ ಸ್ಟೀಲ್ ಬೇಡ. ಬೇಕಾದ ಸ್ಟೀಲ್ ಸುಮಾರು 632 ಚ.ಮಿಮೀ.

5. ಸರಳುಗಳ ಆಯ್ಕೆ (26.5.1.1, 26.3)
ಇಲ್ಲಿ ನಿಧಾನವಾಗಿ ನೋಡಿ.
☐ ಕನಿಷ್ಠ 0.85bd/fy = 151. ಗರಿಷ್ಠ 0.04bD = 4140.
☐ ಸರಳುಗಳ ನಡುವಿನ ಗ್ಯಾಪ್: ಸರಳಿನ ವ್ಯಾಸ, ಅಥವಾ ಜಲ್ಲಿ + 5 ಮಿಮೀ, ಯಾವುದು ದೊಡ್ಡದೋ ಅದು. 20 ಎಂಎಂ ಜಲ್ಲಿಗೆ 25 ಬೇಕು.
ನಾಲ್ಕು 16 ಎಂಎಂ ಸರಳು ಹಾಕಿದರೆ ಸ್ಟೀಲ್ 804 ಸಿಗುತ್ತದೆ, ಆದರೆ ಗ್ಯಾಪ್ 20 ಮಾತ್ರ. ಫೇಲ್! 45ರ ಕವರ್ ಎರಡೂ ಬದಿ ಜಾಗ ತಿಂದುಬಿಟ್ಟಿದೆ. ಎರಡು 20 ಎಂಎಂ 628, ಕೂದಲೆಳೆಯಷ್ಟು ಕಡಿಮೆ. ಎರಡು 20 + ಒಂದು 16 ಹಾಕಿದರೆ 829, ಗ್ಯಾಪ್ 34. ಇದೇ ಇರಲಿ.
☐ xu/d ಮತ್ತೊಮ್ಮೆ: 0.375. ಪಾಸ್.
☐ ಗರಿಷ್ಠ ಗ್ಯಾಪ್ ಎಫ್‌ಇ 500ಕ್ಕೆ 150 (ಟೇಬಲ್ 15). ಪಾಸ್.
☐ ಸಿವಿಯರ್ ಪರಿಸರಕ್ಕೆ ಬಿರುಕಿನ ಅಗಲ 0.1 ಮಿಮೀ ದಾಟಬಾರದು (35.3.2). ಅನುಬಂಧ ಎಫ್ ಲೆಕ್ಕ ಪ್ರತ್ಯೇಕ ಹಾಳೆಯಲ್ಲಿ ಮಾಡಿ ಲಗತ್ತಿಸಿ.
☐ ವೆಬ್ ಆಳ 750 ದಾಟಿದರೆ ಸೈಡ್ ಸ್ಟೀಲ್. ಇಲ್ಲಿ ಬೇಡ.

6. ಶಿಯರ್ (40, 26.5.1.5, 26.5.1.6)
☐ τv = 0.84. ಎಂ30ಗೆ ಗರಿಷ್ಠ 3.5. ಅದನ್ನು ದಾಟಿದರೆ ಸ್ಟಿರಪ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ, ಬೀಮ್ ಅಳತೆಯನ್ನೇ ಬದಲಿಸಿ.
☐ ಸ್ಟೀಲ್ 0.93%, ಟೇಬಲ್ 19ರಿಂದ τc = 0.64. τv ಜಾಸ್ತಿ ಇದೆ, ಸ್ಟಿರಪ್ ಲೆಕ್ಕ ಮಾಡಿ. ಸ್ಟಿರಪ್‌ಗೆ fy 415ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.
☐ 8 ಎಂಎಂ ಎರಡು ಕಾಲಿನ ಸ್ಟಿರಪ್: ಲೆಕ್ಕದ ಪ್ರಕಾರ 780, ಕನಿಷ್ಠ ಸ್ಟೀಲ್ ನಿಯಮದಿಂದ 394, 0.75d = 290, ನೇರ ಮಿತಿ 300. ಎಲ್ಲಕ್ಕಿಂತ ಚಿಕ್ಕದು 290. ಡ್ರಾಯಿಂಗ್‌ನಲ್ಲಿ 250 ಬರೆಯಿರಿ. 780 ನೋಡಿ ಖುಷಿಪಟ್ಟವರನ್ನು ಸರ್ ತರಗತಿಯಲ್ಲೇ ತಡೆದು ನಿಲ್ಲಿಸಿದರು.

7. ಹಿಡಿತ (26.2, 26.2.3.3)
☐ Ld = 45.3φ; 20 ಎಂಎಂಗೆ ಸುಮಾರು 906.
☐ ಗೋಡೆಯ ಮುಖದಿಂದ ಒಳಗೆ ಕನಿಷ್ಠ ಮೂರನೇ ಒಂದು ಭಾಗದಷ್ಟು ಸರಳು Ld/3 = 302 ಹೋಗಬೇಕು. ಗೋಡೆ ಇರುವುದೇ 230, ನೇರ ಸರಳು ಸಾಲುವುದಿಲ್ಲ. ತುದಿ ಮೇಲಕ್ಕೆ 90 ಡಿಗ್ರಿ ಮಡಚಿ, ಕಾಲು 250 ಬಿಡಿ.
☐ Ld ≤ 1.3M1/Vu: 906 < 2043. ಮೂರೂ ಸರಳು ಪೂರ್ತಿ ಒಯ್ಯಿರಿ, ಮಧ್ಯದಲ್ಲಿ ಕಡಿಯಬೇಡಿ. τcಗೆ 0.93% ಹಿಡಿದದ್ದು ಆ ಭರವಸೆಯ ಮೇಲೆ.
☐ ಕೆಂಪುಕಲ್ಲಿನ ಮೇಲೆ ಬೀಮ್ ನೇರವಾಗಿ ಕೂರಿಸಬೇಡಿ. ಕಾಂಕ್ರೀಟ್ ಬೆಡ್ ಬ್ಲಾಕ್ ಬೇಕು, ಅದರ ಒತ್ತಡ ಬೇರೆ ಲೆಕ್ಕ.

8. ಡ್ರಾಯಿಂಗ್ ಟಿಪ್ಪಣಿ (12.3.2)
☐ ಕವರ್ 45, ವ್ಯತ್ಯಾಸ +10 / −0. ಜಾಸ್ತಿಯಾದರೆ 10 ತನಕ ಒಪ್ಪಬಹುದು, ಒಂದು ಮಿಮೀ ಕಡಿಮೆಯೂ ಇಲ್ಲ. ಕಾಂಕ್ರೀಟ್ ಸುರಿಯುವ ಮೊದಲು ಪ್ರತಿ ಮೀಟರಿಗೊಂದು 45ರ ಕವರ್ ಬ್ಲಾಕ್ ಇದೆಯೇ ನೋಡಿ.